ಸಾಗುವುದು, ಸಾಗಿಸುವುದು

ಆರ್.ಕೆ.ಪುರಂ ಎಂದರೆ ದೆಹಲಿಯ ಕನ್ನಡಿಗರಿಗೆ ಮೊದಲು ನೆನಪಾಗುವುದು ಸೆಕ್ಟರ್ 12ರ ಕರ್ನಾಟಕ ಸಂಘ. ಅಲ್ಲಿಯ ನಾಟಕ, ರಾಜ್ಯೋತ್ಸವ, ಹಬ್ಬದೂಟ ಎಲ್ಲವನ್ನೂ ಬಲ್ಲವರು ಕೂಡ ಅದೇ ಬಡಾವಣೆಯ ಸೆಕ್ಟರ್ 1ರ ವೆಸ್ಟ್ ಬ್ಲಾಕ್ 7ರ ಕಡೆಗೆ ತಲೆಹಾಕಿರುವುದು ಕಡಿಮೆ. ಪದಗಳನ್ನೇ ಹುಟ್ಟಿಸುವ ಒಂದು ಸರ್ಕಾರಿ ಕಚೇರಿ ಅಲ್ಲಿದೆ. ವೈಜ್ಞಾನಿಕ ಮತ್ತು ತಾಂತ್ರಿಕ ಶಬ್ದಾವಳಿ ಆಯೋಗ ಎಂದು ಅದರ ಹೆಸರು. 1961ರಲ್ಲಿ ಶುರುವಾದ ಈ ಆಯೋಗಕ್ಕೆ ಮೊದಲ ಅಧ್ಯಕ್ಷರಾಗಿದ್ದವರು ಭೌತವಿಜ್ಞಾನಿ ದೌಲತ್ ಸಿಂಗ್ ಕೊಠಾರಿ. ವಿಜ್ಞಾನದ ಪರಿಭಾಷೆಯನ್ನು ಹಿಂದಿಯಲ್ಲೂ ಉಳಿದ ಭಾರತೀಯ ಭಾಷೆಗಳಲ್ಲೂ ಸಿದ್ಧಪಡಿಸುವುದು ಅದರ ಕೆಲಸ. ಧಾತುಗಳ ಹೆಸರು, ಅಳತೆಯ ಮಾನ ಇಂಥವನ್ನು ಇದ್ದಂತೆಯೇ ಇಟ್ಟುಕೊಳ್ಳಬೇಕು, ಪರಿಕಲ್ಪನೆಗಳಿಗೆ ಮಾತ್ರ ನಮ್ಮ ಪದ ಕಟ್ಟಬೇಕು ಎಂಬ ನಿಯಮ ಅವರದು. ಹಾಗಾಗಿ ಸೋಡಿಯಂ ಸೋಡಿಯಂ ಆಗಿಯೇ ಉಳಿಯಿತು, ಆಸ್ಮೋಸಿಸ್ ಮಾತ್ರ ಹಿಂದಿಯಲ್ಲಿ ‘ಪರಾಸರಣ’ ಆಯಿತು.

ನಮ್ಮ ಕನ್ನಡ ಪಠ್ಯಪುಸ್ತಕ ತೆರೆದರೆ ಅದೇ ಆಸ್ಮೋಸಿಸ್ ‘ಅಭಿಸರಣೆ’. ದೆಹಲಿಯಲ್ಲಿ ಓದುವ ಮೊಮ್ಮಗಳಿಗೆ ಒಂದು, ಶಿವಮೊಗ್ಗದಲ್ಲಿ ಓದುವ ಮೊಮ್ಮಗನಿಗೆ ಇನ್ನೊಂದು. ಎರಡೂ ಸಂಸ್ಕೃತದ ಒಂದೇ ಧಾತುವಿನ ಮಕ್ಕಳು: ‘ಸೃ’, ಅಂದರೆ ಸರಿ, ಹರಿ, ಚಲಿಸು. ಸರಿತ್ ಎಂಬ ನದಿ, ಪ್ರಸಾರ, ಅನುಸರಣೆ, ಕೊನೆಗೆ ನಮ್ಮೆಲ್ಲರ ಸಂಸಾರವೂ ಆ ಧಾತುವಿನಿಂದಲೇ ಬಂದವು. ವ್ಯತ್ಯಾಸ ಇರುವುದು ಮುಂದಿನ ಉಪಸರ್ಗದಲ್ಲಿ. ‘ಪರಾ’ ಎಂದರೆ ಆಚೆಗೆ, ದೂರಕ್ಕೆ. ‘ಅಭಿ’ ಎಂದರೆ ಒಂದರ ಕಡೆಗೆ. ನೀರು ಹೊರಟ ಕಡೆ ನಿಂತು ನೋಡಿದವರು ಹಿಂದಿಯವರು, ಅದು ಬಂದು ಸೇರುವ ಕಡೆ ನಿಂತು ನೋಡಿದವರು ನಾವು. ನಮ್ಮ ಪದಕ್ಕೆ ಕಾವ್ಯದ ನೆಂಟಸ್ತಿಕೆಯೂ ಉಂಟು. ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ಬಗೆಯ ನಾಯಕಿಯರಲ್ಲಿ ಒಬ್ಬಳು ಅಭಿಸಾರಿಕೆ, ನಲ್ಲನಿರುವ ಕಡೆಗೆ ತಾನೇ ಹೊರಟವಳು. ಜೀವವಿಜ್ಞಾನದ ಪಾಠದಲ್ಲಿ ಅವಳ ಹೆಜ್ಜೆಯನ್ನು ಹಿಡಿದವರು ಯಾರೋ, ಅವರ ಕಿವಿ ಚೆನ್ನಾಗಿತ್ತು.

ಆಸ್ಮೋಸಿಸ್ ಎಂಬ ಪದವೂ ಮೊದಲಿಗೆ ಉಪಸರ್ಗ ಹೊತ್ತುಕೊಂಡೇ ಹುಟ್ಟಿದ್ದು. ಅದಕ್ಕೆ ಹಿನ್ನೆಲೆ 1748ರ ಒಂದು ಪ್ರಯೋಗ. ಫ್ರಾನ್ಸಿನ ಪಾದ್ರಿ, ಭೌತಶಾಸ್ತ್ರಜ್ಞ ಜಾನ್ ಆಂತ್ವಾನ್ ನೊಲ್ಲೆ ಮದ್ಯಸಾರ ತುಂಬಿದ ಸೀಸೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಕಟ್ಟಿ ನೀರಿನಲ್ಲಿ ಮುಳುಗಿಸಿಟ್ಟ. ಕೆಲವು ಗಂಟೆಗಳಲ್ಲಿ ಪೊರೆ ಉಬ್ಬಿ ಬಿಗಿಯಾಗಿತ್ತು. ಸೂಜಿಯಿಂದ ಚುಚ್ಚಿದರೆ ಒಳಗಿನದು ಕಾರಂಜಿಯಂತೆ ಚಿಮ್ಮಿತು. ನೀರು ಒಳಹೋಗಿತ್ತು. ಇದಕ್ಕೆ ಅವನು ಹೆಸರಿಡಲಿಲ್ಲ. ಹೆಸರಿಟ್ಟವನು ಇನ್ನೊಬ್ಬ ಫ್ರೆಂಚಿಗ, ವೈದ್ಯ ಆನ್ರಿ ದ್ಯುತ್ರೊಷೆ, 1826ರಲ್ಲಿ. ಗ್ರೀಕ್ ಭಾಷೆಯಲ್ಲಿ ‘ಓಸ್ಮೋಸ್’ ಎಂದರೆ ನೂಕು, ತಳ್ಳುವಿಕೆ. ಒಳಮುಖದ ನೂಕನ್ನು ‘ಎಂಡಾಸ್ಮೋಸ್’ ಎಂದೂ ಹೊರಮುಖದ್ದನ್ನು ‘ಎಕ್ಸಾಸ್ಮೋಸ್’ ಎಂದೂ ಅವನು ಕರೆದ. ಪೊರೆಯ ಮೂಲಕ ಎರಡು ಪ್ರವಾಹಗಳು ಎದುರುಬದುರು ಹರಿಯುತ್ತವೆ ಎಂಬುದು ಅವನ ಎಣಿಕೆ. 1854ರ ಹೊತ್ತಿಗೆ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ ‘ಆಸ್ಮೋಸ್’ ಎಂದಷ್ಟೇ ಬರೆದ. ಅದೇ ಮುಂದೆ ಆಸ್ಮೋಸಿಸ್ ಆಯಿತು. ಅವನು ಕಳಚಿದ ಉಪಸರ್ಗವನ್ನು ನೂರು ವರ್ಷ ಕಳೆದ ಮೇಲೆ ಹಿಂದಿಯವರು ಒಂದು ಕೈಯಿಂದ, ನಾವು ಇನ್ನೊಂದು ಕೈಯಿಂದ ಮತ್ತೆ ಅಂಟಿಸಿದೆವು. ಇಲ್ಲೊಂದು ಎಚ್ಚರಿಕೆ. ಕನ್ನಡದ ‘ಒಸರು’ ಮತ್ತು ಗ್ರೀಕಿನ ‘ಓಸ್ಮೋಸ್’ ಕಿವಿಗೆ ಒಂದೇ ಬಳ್ಳಿಯವು ಅನ್ನಿಸಬಹುದು. ಸಂಬಂಧ ಏನೂ ಇಲ್ಲ. ಬರೀ ಕಾಕತಾಳೀಯ.

ನೂಕು ಎನ್ನುವುದೂ ಸೇರಲು ಹೊರಡು ಎನ್ನುವುದೂ ಚಂದದ ಮಾತುಗಳೇ. ಆದರೆ ನೀರನ್ನು ಅಲ್ಲಿ ಯಾರೂ ನೂಕುವುದಿಲ್ಲ, ಅದಕ್ಕೆ ಯಾರ ಹಂಬಲವೂ ಇಲ್ಲ. ನೀರಿನ ಅಣುಗಳು ಸುಮ್ಮನಿರದೆ ಎಲ್ಲ ದಿಕ್ಕಿಗೂ ಅಲೆಯುತ್ತಿರುತ್ತವೆ. ಪೊರೆಯ ಎರಡು ಬದಿಯಲ್ಲೂ ಅವು ಪೊರೆಗೆ ಬಡಿಯುತ್ತವೆ, ಎರಡು ಕಡೆಯಿಂದಲೂ ದಾಟುತ್ತವೆ. ಒಂದು ಬದಿಯಲ್ಲಿ ಉಪ್ಪೋ ಸಕ್ಕರೆಯೋ ಕರಗಿದ್ದರೆ ಆ ಬದಿಯಿಂದ ದಾಟುವ ನೀರು ಕಡಿಮೆಯಾಗುತ್ತದೆ. ಲೆಕ್ಕ ತಾಳೆ ನೋಡಿದರೆ ಶುದ್ಧ ನೀರಿನ ಕಡೆಯಿಂದ ಉಪ್ಪಿನ ಕಡೆಗೆ ಹೋದದ್ದು ಜಾಸ್ತಿ. ಆ ಹೆಚ್ಚುವರಿಗೇ ಅಭಿಸರಣೆ ಎಂದು ಹೆಸರು. ದ್ಯುತ್ರೊಷೆಯ ಎರಡು ಪ್ರವಾಹಗಳ ಮಾತು ಪೂರ್ತಿ ಸುಳ್ಳೂ ಅಲ್ಲ.

ಮಲೆನಾಡಿನ ಮನೆಗಳಲ್ಲಿ ಅಪ್ಪೆಮಿಡಿ ಉಪ್ಪಿಗೆ ಹಾಕುವುದನ್ನು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ತೊಟ್ಟು ಸಮೇತ ಕೊಯ್ದ ಎಳೆ ಮಿಡಿಯನ್ನು ತೊಳೆದು, ನೀರಿನ ಪಸೆ ಪೂರ್ತಿ ಆರಿಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕುತ್ತಾ ಬರುತ್ತಾರೆ. ಒಂದು ತೊಟ್ಟು ನೀರನ್ನೂ ಸೇರಿಸುವುದಿಲ್ಲ. ಆದರೂ ಎರಡು ಮೂರು ದಿನಕ್ಕೆ ಭರಣಿಯ ತಳದಲ್ಲಿ ಉಪ್ಪುನೀರು ನಿಂತಿರುತ್ತದೆ. ದಿನಕ್ಕೊಮ್ಮೆ ಕುಲುಕಿ ಮೇಲೆ ಕೆಳಗೆ ಮಾಡಿದ ಹಾಗೆ ನೀರು ಏರುತ್ತಾ ಹೋಗುತ್ತದೆ, ಮಿಡಿ ಮುರುಟುತ್ತಾ ಹೋಗುತ್ತದೆ. ಈ ಹಂತದಲ್ಲಿ ಮಿಡಿಯ ಜೀವಕೋಶಗಳ ಪೊರೆ ಇನ್ನೂ ಗಟ್ಟಿ. ಅದು ನೀರನ್ನು ಬಿಡುತ್ತದೆ, ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ಹೀಗೆ ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವ ಪೊರೆಗೆ ಪುಸ್ತಕದಲ್ಲಿ ಅರೆಪಾರಕ ಪೊರೆ ಎನ್ನುತ್ತಾರೆ. ಅದಿದ್ದರೆ ಮಾತ್ರ ಅಭಿಸರಣೆ. ವಾರಗಳು ಕಳೆದಂತೆ ನೀರು ಕಳೆದುಕೊಂಡ ಕೋಶಗಳು ಸಾಯುತ್ತವೆ, ಪೊರೆಯ ಹಿಡಿತ ತಪ್ಪುತ್ತದೆ, ಆಗ ಉಪ್ಪು ನಿಧಾನಕ್ಕೆ ಒಳಗಿಳಿದು ಗೊರಟೆಯವರೆಗೂ ಹತ್ತುತ್ತದೆ. ಆ ಎರಡನೆಯ ನಡೆಗೆ ಅಭಿಸರಣೆ ಎನ್ನುವ ಹಾಗಿಲ್ಲ. ಅದು ವಿಸರಣೆ. ಮಿಡಿ ಮುರುಟುವುದು ಒಂದರಿಂದ, ಉಪ್ಪಾಗುವುದು ಇನ್ನೊಂದರಿಂದ.

ಅಂದ ಹಾಗೆ ‘ಪೊರೆ’ ಎಂಬ ಪದಕ್ಕೆ ಇಂಗ್ಲಿಷಿನವರು ಹೊಟ್ಟೆಕಿಚ್ಚುಪಡಬೇಕು. ಹಾವು ಬಿಡುವುದು ಪೊರೆ, ಕಣ್ಣಿಗೆ ಬರುವುದು ಪೊರೆ, ಕಾಪಾಡು ಎಂಬ ಅರ್ಥದ ಕ್ರಿಯಾಪದವೂ ಪೊರೆ. ಜೀವಕೋಶದ ಸುತ್ತಲಿನದಕ್ಕೆ ಇದಕ್ಕಿಂತ ಒಪ್ಪುವ ಹೆಸರು ಹುಡುಕಿದರೂ ಸಿಗದು.

ಈಗ ವಿಸರಣೆಗೆ ಬರೋಣ. ಹಿಂದಿಯಲ್ಲೂ ವಿಸರಣವೇ, ಇಲ್ಲಿ ಜಗಳವಿಲ್ಲ. ‘ವಿ’ ಎಂದರೆ ಬೇರೆಬೇರೆಯಾಗಿ, ಚೆದುರಿ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅಣುಗಳು ಹರಡಿಕೊಳ್ಳುವುದು ವಿಸರಣೆ. ಇದಕ್ಕೆ ನಮ್ಮ ತರಗತಿಗಳಲ್ಲಿ ತಲೆತಲಾಂತರದಿಂದ ಕೊಡುವ ಉದಾಹರಣೆ ಊದುಬತ್ತಿ: ಮೂಲೆಯಲ್ಲಿ ಹಚ್ಚಿದರೆ ಕೋಣೆಗೆಲ್ಲ ಪರಿಮಳ. ಈ ಉದಾಹರಣೆಯನ್ನು ಒಂದು ಸಲ ಲೆಕ್ಕಕ್ಕೆ ಹಚ್ಚಿ ನೋಡಿ. ವಿಸರಣೆಗೆ ಹಿಡಿಯುವ ಸಮಯ ದೂರದ ವರ್ಗದಷ್ಟು ಬೆಳೆಯುತ್ತದೆ. ದೂರ ಎರಡರಷ್ಟಾದರೆ ಸಮಯ ನಾಲ್ಕರಷ್ಟು, ದೂರ ಹತ್ತರಷ್ಟಾದರೆ ಸಮಯ ನೂರರಷ್ಟು. 1855ರಲ್ಲಿ ಆಡಾಲ್ಫ್ ಫಿಕ್ ಬರೆದ ಸಮೀಕರಣದಿಂದ ಹೊರಡುವ ಮಾತಿದು. ಗಾಳಿ ಒಂದಿಷ್ಟೂ ಅಲುಗದ ಕೋಣೆಯಲ್ಲಿ ಪರಿಮಳದ ಅಣು ಬರೀ ವಿಸರಣೆಯಿಂದ ಮೂರು ಮೀಟರ್ ದಾಟಲು ಸುಮಾರು ಐದು ದಿನ ಬೇಕು. ನಮ್ಮ ಮೂಗಿಗೆ ಅದು ಒಂದೆರಡು ನಿಮಿಷದಲ್ಲಿ ಬಡಿಯುತ್ತದೆ ಎಂದರೆ ಹೊತ್ತು ತಂದದ್ದು ಗಾಳಿಯ ಹರಿವು, ಬತ್ತಿಯ ಬಿಸಿಗೆ ಮೇಲೆದ್ದ ಹೊಗೆ, ತಿರುಗುವ ಫ್ಯಾನು. ವಿಸರಣೆಯ ಪಾಲು ಅದರಲ್ಲಿ ತೀರಾ ಅಲ್ಪ. ಪಾಠಕ್ಕೆ ಒಳ್ಳೆಯ ಉದಾಹರಣೆ ಬೇಕಿದ್ದರೆ, ಅಲುಗಾಡದ ಲೋಟದ ನೀರಿನ ತಳಕ್ಕೆ ಒಂದು ಹರಳು ಪೊಟ್ಯಾಸಿಯಂ ಪರ್ಮಾಂಗನೇಟ್ ಇಳಿಬಿಟ್ಟು ಮರುದಿನ ನೋಡುವುದು ಮೇಲು. ಆ ನೇರಳೆ ಬಣ್ಣ ಎಷ್ಟು ಸೋಮಾರಿಯಾಗಿ ಮೇಲೇರುತ್ತದೆ ಎಂಬುದೇ ಪಾಠ.

ಜೀವಕೋಶದ ಅಳತೆಯಲ್ಲಿ ಮಾತ್ರ ಈ ಸೋಮಾರಿ ಚಿರತೆಯಾಗುತ್ತದೆ. ನೀರಿನೊಳಗೆ ಆಮ್ಲಜನಕದ ಅಣು ಒಂದು ಮಿಲಿಮೀಟರಿನ ನೂರನೇ ಒಂದು ಭಾಗ, ಅಂದರೆ ಒಂದು ಸಾಧಾರಣ ಕೋಶದ ಅಗಲ ದಾಟಲು ಸೆಕೆಂಡಿನ ನಲವತ್ತನೇ ಒಂದು ಭಾಗ ಸಾಕು. ಒಂದು ಮಿಲಿಮೀಟರಿಗೆ ನಾಲ್ಕು ನಿಮಿಷ. ಒಂದು ಸೆಂಟಿಮೀಟರಿಗೆ ಏಳು ಗಂಟೆ. ಸೊಂಟದಿಂದ ಕಾಲ್ಬೆರಳಿನವರೆಗಿನ ಒಂದು ಮೀಟರಿಗೆ ಎಂಟು ವರ್ಷ. ಶ್ವಾಸಕೋಶದ ಗಾಳಿಗೂಡುಗಳ ಗೋಡೆ ಅಷ್ಟು ತೆಳ್ಳಗಿರುವುದಕ್ಕೂ, ರಕ್ತವನ್ನು ಬೆರಳ ತುದಿಯವರೆಗೂ ತಳ್ಳುವ ಹೃದಯ ಇರುವುದಕ್ಕೂ ಕಾರಣ ಈ ಲೆಕ್ಕವೇ. ಕೊನೆಯ ಕೂದಲೆಳೆಯಷ್ಟು ದಾರಿಯನ್ನು ಮಾತ್ರ ವಿಸರಣೆಗೆ ಬಿಡಲಾಗಿದೆ.

ಅಭಿಸರಣೆ, ವಿಸರಣೆ ಎರಡನ್ನೂ ಸೇರಿಸಿ ಇಂಗ್ಲಿಷಿನವರು ‘ಪ್ಯಾಸಿವ್ ಟ್ರಾನ್ಸ್‌ಪೋರ್ಟ್’ ಎಂದರು. ಇದನ್ನು ನಾವು ‘ನಿಷ್ಕ್ರಿಯ ಸಾಗಣೆ’ ಮಾಡಿಕೊಂಡೆವು. ಹಿಂದಿಯವರದು ‘ನಿಷ್ಕ್ರಿಯ ಪರಿವಹನ’. ದೆಹಲಿಯವರಿಗೆ ಪರಿವಹನ ಎಂದೊಡನೆ ಕಣ್ಣಿಗೆ ಬರುವುದು ಬಸ್ಸು. ಡಿಟಿಸಿಯ ಪೂರ್ತಿ ಹೆಸರು ದಿಲ್ಲಿ ಪರಿವಹನ ನಿಗಮ. ನನ್ನ ತಕರಾರು ಬಸ್ಸಿನ ಬಗ್ಗೆ ಅಲ್ಲ, ‘ನಿಷ್ಕ್ರಿಯ’ದ ಬಗ್ಗೆ. ನಿಷ್ಕ್ರಿಯ ಎಂದರೆ ಏನೂ ನಡೆಯದ್ದು, ಜಡ. ನಮ್ಮ ಸರ್ಕಾರಿ ಭಾಷೆಯಲ್ಲಿ ವ್ಯವಹಾರವಿಲ್ಲದೆ ಬಿದ್ದ ಬ್ಯಾಂಕ್ ಖಾತೆ ನಿಷ್ಕ್ರಿಯ. ಆದರೆ ಮೇಲೆ ಕಂಡ ಅಣುಗಳ ಅಲೆದಾಟಕ್ಕೆ ಬಿಡುವೇ ಇಲ್ಲ. ಕ್ರಿಯೆ ಬೇಕಾದಷ್ಟಿದೆ. ಇಲ್ಲದಿರುವುದು ಜೀವಕೋಶದ ಖರ್ಚು. ಈ ಸೂಕ್ಷ್ಮ ತಪ್ಪಿಹೋದದ್ದರಿಂದಲೇ ಮಕ್ಕಳು ಪರೀಕ್ಷೆಯಲ್ಲಿ ‘ನಿಷ್ಕ್ರಿಯ ಸಾಗಣೆಗೆ ಶಕ್ತಿ ಇರುವುದಿಲ್ಲ’ ಎಂದು ಬರೆಯುತ್ತಾರೆ. ಶಕ್ತಿ ಇದೆ. ಅದು ಉಷ್ಣದ ಶಕ್ತಿ, ಪುಕ್ಕಟೆ ಸಿಕ್ಕಿದ್ದು.

ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ನೀರಿಗೆಂದೇ ಇರುವ ಅಕ್ವಾಪೋರಿನ್ ಎಂಬ ಬಾಗಿಲನ್ನು ಪತ್ತೆಮಾಡಿದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಬಾಗಿಲು ದಾರಿಯನ್ನು ಸಲೀಸು ಮಾಡುತ್ತದೆ ಅಷ್ಟೆ, ದಿಕ್ಕನ್ನು ತೀರ್ಮಾನಿಸುವುದಿಲ್ಲ. ಇಳಿಜಾರು ಯಾವ ಕಡೆಗಿದೆಯೋ ಆ ಕಡೆಗೇ ಸಾಗಬೇಕು.

ಇಳಿಜಾರಿಗೆ ಎದುರಾಗಿ ಏರಿಸಬೇಕಾದಾಗ ಎರಡನೆಯ ಪದ ಬರುತ್ತದೆ: ‘ಆ್ಯಕ್ಟಿವ್ ಟ್ರಾನ್ಸ್‌ಪೋರ್ಟ್’, ನಮ್ಮ ‘ಸಕ್ರಿಯ ಸಾಗಣೆ’. ಅದರ ಮಾದರಿ ಉದಾಹರಣೆ ಸೋಡಿಯಂ–ಪೊಟ್ಯಾಸಿಯಂ ಪಂಪ್. ನಮ್ಮ ರಕ್ತದ ದ್ರವಭಾಗದಲ್ಲಿ ಲೀಟರಿಗೆ ಸುಮಾರು 140 ಮಿಲಿಮೋಲ್ ಸೋಡಿಯಂ, ಬರೀ 4ರಷ್ಟು ಪೊಟ್ಯಾಸಿಯಂ. ಜೀವಕೋಶದ ಒಳಗೆ ತಲೆಕೆಳಗು: ಪೊಟ್ಯಾಸಿಯಂ 140ರಷ್ಟು, ಸೋಡಿಯಂ 12ರ ಆಸುಪಾಸು. ಬಹಳ ಕಾಲ ವಿಜ್ಞಾನಿಗಳು ಇದಕ್ಕೆ ಸುಲಭದ ಉತ್ತರ ಹೇಳಿಕೊಂಡಿದ್ದರು: ಪೊರೆ ಸೋಡಿಯಂ ಅನ್ನು ಒಳಗೆ ಬಿಡುವುದೇ ಇಲ್ಲ, ಆದ್ದರಿಂದ ಹೊರಗೆ ಉಳಿದಿದೆ. ವಿಕಿರಣಶೀಲ ಸೋಡಿಯಂ ಬಳಸಿ ನೋಡಿದಾಗ ಅದು ಸುಳ್ಳಾಯಿತು. ಸೋಡಿಯಂ ಒಳಗೆ ಸೋರುತ್ತಲೇ ಇತ್ತು. ಸೋರಿದರೂ ಒಳಗೆ ಹೆಚ್ಚುತ್ತಿಲ್ಲ ಎಂದರೆ ಯಾರೋ ಎತ್ತಿ ಹೊರಗೆ ಹಾಕುತ್ತಿರಬೇಕು. 1941ರಲ್ಲಿ ಅಮೆರಿಕದ ರಾಬರ್ಟ್ ಡೀನ್ ಸ್ನಾಯುವಿನ ವಿಚಾರವಾಗಿ ಇದನ್ನು ಹೇಳುತ್ತಾ ಪಂಪ್ ಎಂಬ ಪದ ಬಳಸಿದ. ಆಗ ಅದು ಬರೀ ಪದ. ಯಂತ್ರ ಎಲ್ಲಿದೆ, ಯಾವುದು ಎಂದು ಯಾರಿಗೂ ಗೊತ್ತಿರಲಿಲ್ಲ. 1955ರಲ್ಲಿ ಇಂಗ್ಲೆಂಡಿನ ಹಾಜ್‌ಕಿನ್ ಮತ್ತು ಕೀನ್ಸ್ ಸಮುದ್ರದ ಕಟ್ಲ್‌ಫಿಶ್ ಎಂಬ ಪ್ರಾಣಿಯ ನರತಂತುವಿಗೆ ಶಕ್ತಿ ಉತ್ಪಾದನೆ ತಡೆಯುವ ವಿಷ ಹಾಕಿದಾಗ ಸೋಡಿಯಂ ಹೊರಹೋಗುವುದು ನಿಂತಿತು, ವಿಷ ತೊಳೆದಾಗ ಮತ್ತೆ ಶುರುವಾಯಿತು. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರಗಳಿಂದ ಆ ಯಂತ್ರವನ್ನೇ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯನ್ನು ಒಡೆಯುವ ಒಂದು ಕಿಣ್ವವನ್ನು ಹಿಡಿದುಕೊಟ್ಟ. ಆ ಪ್ರಬಂಧದ ಶೀರ್ಷಿಕೆಯಲ್ಲಿ ಪಂಪ್ ಎಂಬ ಮಾತಿಲ್ಲ. ನಲವತ್ತು ವರ್ಷ ಕಳೆದು 1997ರಲ್ಲಿ ನೊಬೆಲ್ ಬಂದಾಗ ಮಾತ್ರ ಜಗತ್ತೆಲ್ಲ ಅದನ್ನು ಪಂಪ್ ಎಂದೇ ಕರೆಯುತ್ತಿತ್ತು.

ಪಂಪ್ ಕನ್ನಡದಲ್ಲಿ ಪಂಪೇ. ಹೊಲದಲ್ಲಿ ಪಂಪ್‌ಸೆಟ್, ಸೈಕಲ್ ಅಂಗಡಿಯಲ್ಲಿ ಪಂಪು. ಆದರೆ ನಮ್ಮ ಹಳೆಯ ವಿಜ್ಞಾನ ಪುಸ್ತಕಗಳಲ್ಲಿ ಅದಕ್ಕೆ ‘ರೇಚಕ’ ಎಂಬ ಪದವೂ ಇತ್ತು. ರೇಚಕ ಎಂದರೆ ಬರಿದುಮಾಡುವುದು. ಭೇದಿಗೆ ಕೊಡುವ ಔಷಧಿಗೂ ಅದೇ ಹೆಸರಾದ್ದರಿಂದ ತರಗತಿಯಲ್ಲಿ ನಗು ತಪ್ಪುತ್ತಿರಲಿಲ್ಲ, ಪದವೂ ಉಳಿಯಲಿಲ್ಲ. ಇರಲಿ. ಈ ಒಂದು ಪಂಪನ್ನು ವಿವರಿಸಲು ಮಾತ್ರ ರೇಚಕ, ಕುಂಭಕ, ಪೂರಕ ಎಂಬ ಪ್ರಾಣಾಯಾಮದ ಮೂರು ಪದಗಳಷ್ಟು ಒಗ್ಗುವಂಥವು ಇನ್ನಿಲ್ಲ. (ಋಷಿಗಳಿಗೆ ಎಲ್ಲ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಬರೀ ಹೋಲಿಕೆ.) ಮೊದಲು ಪಂಪಿನ ಪ್ರೋಟೀನ್ ಕೋಶದ ಒಳಮುಖಕ್ಕೆ ಬಾಯಿ ತೆರೆದಿರುತ್ತದೆ. ಮೂರು ಸೋಡಿಯಂ ಅಯಾನುಗಳು ಬಂದು ಕೂರುತ್ತವೆ. ಆಗ ಎಟಿಪಿ ತನ್ನ ಒಂದು ಫಾಸ್ಫೇಟನ್ನು ಪ್ರೋಟೀನಿಗೆ ಅಂಟಿಸುತ್ತದೆ, ಒಳಬಾಗಿಲು ಮುಚ್ಚುತ್ತದೆ. ಹೊರಬಾಗಿಲು ಇನ್ನೂ ತೆರೆದಿಲ್ಲ. ಎರಡೂ ಕಡೆ ಮುಚ್ಚಿದ ಈ ಕ್ಷಣವೇ ಕುಂಭಕ, ಇದಿಲ್ಲದಿದ್ದರೆ ಪಂಪ್ ಪಂಪಾಗದೆ ಬರೀ ತೂತಾಗುತ್ತಿತ್ತು. ನಂತರ ಪ್ರೋಟೀನ್ ರೂಪ ಬದಲಿಸಿ ಹೊರಕ್ಕೆ ತೆರೆಯುತ್ತದೆ, ಸೋಡಿಯಂ ಹೊರಬೀಳುತ್ತದೆ. ಅದು ರೇಚಕ. ಖಾಲಿಯಾದ ಜಾಗಕ್ಕೆ ಹೊರಗಿನಿಂದ ಎರಡು ಪೊಟ್ಯಾಸಿಯಂ ಬಂದು ಕೂರುತ್ತವೆ, ಫಾಸ್ಫೇಟ್ ಕಳಚುತ್ತದೆ, ಮತ್ತೆ ಒಂದು ಕುಂಭಕ, ಆಮೇಲೆ ಒಳಬಾಗಿಲು ತೆರೆದು ಪೊಟ್ಯಾಸಿಯಂ ಒಳಗಿಳಿಯುತ್ತದೆ. ಅದು ಪೂರಕ. ಇಂಥ ನೂರರಷ್ಟು ಸುತ್ತು ಒಂದು ಸೆಕೆಂಡಿನಲ್ಲಿ ನಡೆಯುತ್ತವೆ. ಬಾಗಿಲಿನಂತಿರುವ ಅಯಾನು ನಾಲೆಗಳಲ್ಲಿ ಅದೇ ಸೆಕೆಂಡಿನಲ್ಲಿ ಕೋಟಿಯಷ್ಟು ಅಯಾನುಗಳು ದಾಟಬಲ್ಲವು. ಇಳಿಯುವುದಕ್ಕೂ ಏರಿಸುವುದಕ್ಕೂ ಇರುವ ಅಂತರ ಅಷ್ಟು.

ಮೂರು ಹೊರಗೆ, ಎರಡು ಒಳಗೆ ಎಂಬ ಲೆಕ್ಕ ಎಲ್ಲಿಂದ ಬಂತು? ಖರ್ಚುವೆಚ್ಚ ಬರೆದು ನೋಡಿದರೆ ಗೊತ್ತಾಗುತ್ತದೆ. ಹೊರಗೆ ಸೋಡಿಯಂ ಜಾಸ್ತಿ, ಮೇಲಾಗಿ ಕೋಶದ ಒಳಗಿನ ಋಣ ವಿದ್ಯುತ್ತು ಧನ ಅಯಾನನ್ನು ಒಳಕ್ಕೇ ಎಳೆಯುತ್ತಿರುತ್ತದೆ. ಹೀಗಾಗಿ ಒಂದು ಮೋಲ್ ಸೋಡಿಯಂ ಹೊರಹಾಕಲು ಸುಮಾರು 13 ಕಿಲೋಜೂಲ್ ಬೇಕು, ಮೂರಕ್ಕೆ 39. ಪೊಟ್ಯಾಸಿಯಂ ಒಳತರುವಾಗ ಅದೇ ವಿದ್ಯುತ್ತು ಸಹಾಯಕ್ಕೆ ಬರುತ್ತದೆ, ಎರಡಕ್ಕೂ ಸೇರಿ 5 ಸಾಕು. ಒಟ್ಟು 44. ಒಂದು ಮೋಲ್ ಎಟಿಪಿ ಜೀವಕೋಶದಲ್ಲಿ ಕೊಡುವುದು ಸುಮಾರು 50. ಅಂದರೆ ಸಂಬಳಕ್ಕೂ ಖರ್ಚಿಗೂ ಹೆಚ್ಚುಕಡಿಮೆ ಸರಿಹೋಯಿತು. ನಾಲ್ಕನೆಯ ಸೋಡಿಯಂ ಹೊರಹಾಕುವೆ ಎಂದರೆ 57 ಆಗುತ್ತದೆ, ಕೈಯಲ್ಲಿ ಅಷ್ಟಿಲ್ಲ. ಸುಮ್ಮನೆ ಮಲಗಿರುವಾಗಲೂ ನಮ್ಮ ದೇಹ ಬಳಸುವ ಶಕ್ತಿಯಲ್ಲಿ ಶೇಕಡಾ 20ರಿಂದ 25ರಷ್ಟು ಈ ಪಂಪುಗಳಿಗೇ ಹೋಗುತ್ತದೆ ಎಂಬ ಅಂದಾಜಿದೆ.

ಇಷ್ಟು ಖರ್ಚು ಯಾಕೆ ಎಂದರೆ ಮತ್ತೆ ಅಭಿಸರಣೆಗೇ ಬರಬೇಕು. ಕೋಶದೊಳಗೆ ಹೊರಬರಲಾರದ ಪ್ರೋಟೀನುಗಳು ತುಂಬಿವೆ. ಸೋಡಿಯಂ ಕೂಡ ಸೋರಿ ಒಳಸೇರಿದರೆ ಒಳಗಿನ ಕರಗಿದ ಸರಕು ಹೆಚ್ಚುತ್ತದೆ, ಅದರ ಹಿಂದೆಯೇ ನೀರು. ಗಿಡದ ಕೋಶಕ್ಕಾದರೆ ಗಟ್ಟಿ ಗೋಡೆಯಿದೆ. ನಮ್ಮ ಕೋಶಕ್ಕೆ ಗೋಡೆಯಿಲ್ಲ, ಉಬ್ಬಿ ಒಡೆಯುತ್ತದೆ. ವಿಸರಣೆ ಸೋರಿಸುತ್ತದೆ, ಅಭಿಸರಣೆ ಉಬ್ಬಿಸಲು ಕಾದಿರುತ್ತದೆ, ಪಂಪ್ ಎತ್ತಿ ಎತ್ತಿ ಹೊರಗೆ ಹಾಕುತ್ತದೆ. ದೆಹಲಿಯ ರಸ್ತೆ ನಡುವಿನ ಪಟ್ಟಿಗಳಲ್ಲಿ ನೆಟ್ಟಿರುವ ಕನೇರ್, ನಮ್ಮ ಕಣಗಿಲೆ, ವಿಷವಾಗಿರುವುದು ಈ ಕಾರಣಕ್ಕೇ. ಅದರ ಹಾಲಿನಲ್ಲಿರುವ ಒಲಿಯಾಂಡ್ರಿನ್ ಈ ಪಂಪಿಗೆ ಹೊರಗಿನಿಂದ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಮೊದಲು ಏರುಪೇರಾಗುವುದು ಹೃದಯದ ಬಡಿತ.

ಪಂಪ್ ನಿಂತರೆ ಏನಾಗುತ್ತದೆ ಎಂಬುದನ್ನು ನೋಡಲು ವಿಷವೇ ಬೇಕಿಲ್ಲ, ಚಳಿ ಸಾಕು. ನಮ್ಮ ಕಟ್ಟಡದ ಹಿರಿಯರೊಬ್ಬರಿಗೆ ಒಂದು ಜನವರಿಯಲ್ಲಿ ರಕ್ತಪರೀಕ್ಷೆಯ ವರದಿಯಲ್ಲಿ ಪೊಟ್ಯಾಸಿಯಂ 6.4 ಎಂದು ಬಂತು. ಇರಬೇಕಾದ್ದು 3.5ರಿಂದ 5ರ ಒಳಗೆ. ನಿಜವಾಗಿ ಅಷ್ಟಿದ್ದರೆ ಹೃದಯಕ್ಕೆ ಅಪಾಯ. ಮನೆಯವರು ಗಾಬರಿಯಾಗಿ ಪರಿಚಯದ ಕನ್ನಡದ ವೈದ್ಯರ ಹತ್ತಿರ ಕರೆದೊಯ್ದರು. ಇಸಿಜಿ ಸರಿಯಾಗಿತ್ತು. ವೈದ್ಯರು ವರದಿಯ ಕಾಗದ ಬದಿಗಿಟ್ಟು, ‘ರಾಯರೇ, ರಕ್ತ ಎಷ್ಟು ಗಂಟೆಗೆ ತೆಗೆದರು? ಹುಡುಗ ಅಲ್ಲಿಂದ ನೇರ ಲ್ಯಾಬಿಗೆ ಹೋದನೋ, ಇನ್ನೂ ನಾಲ್ಕು ಮನೆಗೆ ಹೋದನೋ?’ ಎಂದು ಕೇಳಿದರು. ಬೆಳಿಗ್ಗೆ ಆರೂವರೆಗೆ ತೆಗೆದದ್ದು, ಸ್ಕೂಟರಿನ ಚೀಲದಲ್ಲಿ ಚಳಿಯಲ್ಲೇ ಊರೆಲ್ಲ ಸುತ್ತಿ ಲ್ಯಾಬ್ ಸೇರಿದ್ದು ಮಧ್ಯಾಹ್ನದ ಹೊತ್ತಿಗೆ. ಅಲ್ಲೇ ಮತ್ತೆ ರಕ್ತ ತೆಗೆಸಿ, ಕೂಡಲೇ ಯಂತ್ರದಲ್ಲಿ ತಿರುಗಿಸಿ ಕಣಗಳನ್ನು ಬೇರ್ಪಡಿಸಿ ನೋಡಿದರೆ 4.3.

ಆದದ್ದು ಇಷ್ಟೆ. ಕೊಳವೆಯಲ್ಲಿನ ಕೆಂಪು ರಕ್ತಕಣಗಳಿಗೆ ಇನ್ನೂ ಜೀವವಿತ್ತು. ಅವುಗಳೊಳಗೆ ಪೊಟ್ಯಾಸಿಯಂ ಹೊರಗಿನ ಇಪ್ಪತ್ತು ಪಟ್ಟಿಗೂ ಮಿಗಿಲು. ಚಳಿಗೆ ಪಂಪಿನ ಕಿಣ್ವ ತೀರಾ ನಿಧಾನವಾಯಿತು, ಸೋರಿಕೆ ಮಾತ್ರ ಅಷ್ಟು ತಗ್ಗಲಿಲ್ಲ. ಗಂಟೆಗಟ್ಟಲೆ ಸೋರಿದ ಪೊಟ್ಯಾಸಿಯಂ ದ್ರವಭಾಗಕ್ಕೆ ಸೇರಿ ವರದಿಯಲ್ಲಿ ಕಾಣಿಸಿತು. ರಕ್ತಕಣ ಒಡೆದಿದ್ದರೆ ದ್ರವ ಕೆಂಪಗಾಗಿ ಲ್ಯಾಬಿನವರಿಗೆ ಕಣ್ಣಲ್ಲೇ ಗೊತ್ತಾಗುತ್ತದೆ. ಹೀಗೆ ಚಳಿಗೆ ಸೋರಿದ್ದು ಬಣ್ಣದಲ್ಲಿ ಕಾಣುವುದಿಲ್ಲ, ಹಾಗಾಗಿ ಕೇಳಬೇಕಾದ ಪ್ರಶ್ನೆ ಗಂಟೆಯದೇ. ಪಂಪ್ ಇದೆ ಎಂದು ವಿಜ್ಞಾನಿಗಳಿಗೆ ಗುಮಾನಿ ಹುಟ್ಟಿಸಿದ ಸುಳಿವುಗಳಲ್ಲೂ ಇದೊಂದು. ರಕ್ತನಿಧಿಯ ತಣ್ಣನೆಯ ರಕ್ತದಲ್ಲಿ ಕಣಗಳು ಪೊಟ್ಯಾಸಿಯಂ ಕಳೆದುಕೊಳ್ಳುತ್ತವೆ, ಗ್ಲೂಕೋಸ್ ಇರುವಾಗ ಬೆಚ್ಚಗೆ ಮಾಡಿದರೆ ಏರುದಾರಿಯಲ್ಲೂ ಅದನ್ನು ವಾಪಸು ಎಳೆದುಕೊಳ್ಳುತ್ತವೆ ಎಂಬುದು 1941ರ ಹೊತ್ತಿಗೇ ಕಂಡಿತ್ತು. ತಾನಾಗಿ ಸೋರಿದ್ದು ತಾನಾಗಿ ವಾಪಸು ಬರುವುದಿಲ್ಲ. ತಂದವರು ಯಾರೋ ಇದ್ದಾರೆ.

ಪಂಪ್ ಇದ್ದಲ್ಲೆಲ್ಲ ಸಕ್ರಿಯ ಸಾಗಣೆ ಎಂದುಕೊಂಡರೂ ತಪ್ಪು. ದೆಹಲಿಯ ಅಡುಗೆಮನೆಗಳಲ್ಲಿ ಗೋಡೆಗೆ ನೇತುಹಾಕಿರುವ ‘ಆರ್‌ಒ’ ನೋಡಿ. ಅದರ ಎರಡನೆಯ ಅಕ್ಷರ ದ್ಯುತ್ರೊಷೆಯ ಗ್ರೀಕ್ ಪದದ ಅಳಿದುಳಿದ ತುಣುಕು, ಇಡೀ ಹೆಸರು ಕನ್ನಡದಲ್ಲಿ ಹಿಮ್ಮುಖ ಅಭಿಸರಣೆ. ಅದು ಮನೆಮನೆಗೆ ಬರಲು ದಾರಿಮಾಡಿದ ಪೊರೆಯನ್ನು 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ತಯಾರಿಸಿದವರು ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋದ ಶ್ರೀನಿವಾಸ ಸೌರಿರಾಜನ್. ಅಲ್ಲೂ ಪಂಪ್ ಗುರ್ ಎನ್ನುತ್ತದೆ, ಕರೆಂಟ್ ಖರ್ಚಾಗುತ್ತದೆ. ಆದರೆ ಆ ಪಂಪ್ ಮಾಡುವುದು ಉಪ್ಪಿನಂಶದ ನೀರಿನ ಮೇಲೆ ಒತ್ತಡ ಹಾಕುವುದಷ್ಟೇ. ಅಭಿಸರಣೆಯ ಒತ್ತಡವನ್ನು ಮೀರುವಷ್ಟು ಒತ್ತಿದಾಗ ಪೊರೆಯ ಮೂಲಕ ನೀರು ತಾನಾಗಿಯೇ ಆಚೆಗೆ ಸಾಗುತ್ತದೆ. ಪೊರೆ ಯಾವ ಅಯಾನನ್ನೂ ಕೈಯಾರೆ ಹಿಡಿದು ದಾಟಿಸುವುದಿಲ್ಲ. ಜೀವಕೋಶದ ಸಕ್ರಿಯ ಸಾಗಣೆಯಲ್ಲಿ ಶಕ್ತಿ ಖರ್ಚಾಗುವುದು ಪೊರೆಯಲ್ಲೇ ಇರುವ ಪ್ರೋಟೀನಿನಲ್ಲಿ, ಹಿಡಿದ ಅಯಾನಿಗೇ.

ಇಷ್ಟೆಲ್ಲ ಸುತ್ತಿಬಂದ ಮೇಲೆ ನನ್ನ ತೀರ್ಪು ಹೀಗಿದೆ. ಅಭಿಸರಣೆ ಇರಲಿ, ವಿಸರಣೆ ಇರಲಿ, ಪಂಪ್ ಪಂಪಾಗಿಯೇ ಇರಲಿ. ಬದಲಾಗಬೇಕಾದದ್ದು ನಿಷ್ಕ್ರಿಯ–ಸಕ್ರಿಯ ಜೋಡಿ. ಅದಕ್ಕೆ ಬೇಕಾದ ಸಾಮಗ್ರಿ ಕನ್ನಡದ ಕ್ರಿಯಾಪದದಲ್ಲೇ ಮೊದಲಿನಿಂದ ಇದೆ. ಇಳಿ–ಇಳಿಸು, ಹರಿ–ಹರಿಸು, ಏರು–ಏರಿಸು, ಸಾಗು–ಸಾಗಿಸು. ಒಂದು ‘ಇಸು’ ಸೇರಿದೊಡನೆ ಮಾಡಿಸುವವನೊಬ್ಬ ಬಂದುಬಿಡುತ್ತಾನೆ, ಅವನ ಹಿಂದೆ ಖರ್ಚೂ ಬರುತ್ತದೆ. ‘ಸಾಗಣೆ’ ಎಂಬ ನಾಮಪದ ಈ ವ್ಯತ್ಯಾಸವನ್ನು ನುಂಗಿಹಾಕಿತು, ಅದನ್ನು ಮತ್ತೆ ತೋರಿಸಲು ಸಂಸ್ಕೃತದ ಎರಡು ವಿಶೇಷಣಗಳನ್ನು ತಂದು ಮುಂದೆ ನಿಲ್ಲಿಸಬೇಕಾಯಿತು. ತಾನಾಗಿ ಸಾಗುವುದು, ಖರ್ಚುಮಾಡಿ ಸಾಗಿಸುವುದು ಎಂದರೆ ಏಳನೇ ತರಗತಿಯ ಹುಡುಗನಿಗೂ ಇನ್ನೊಂದು ವಿವರಣೆ ಬೇಡ. ಪಠ್ಯಪುಸ್ತಕ ಬರೆಯುವವರು ಹೊಸ ಮುದ್ರಣದಲ್ಲಿ ಹಳೆಯ ಜೋಡಿಯ ಪಕ್ಕದಲ್ಲಾದರೂ ‘ಸಾಗುವಿಕೆ’, ‘ಸಾಗಿಸುವಿಕೆ’ ಎಂದು ಅಚ್ಚುಹಾಕಲಿ. ಹಾಗೆಯೇ ಊದುಬತ್ತಿಯನ್ನು ಆ ಪುಟದಿಂದ ತೆಗೆದು ದೇವರ ಮನೆಗೆ ವಾಪಸು ಕಳಿಸಲಿ.